ಪರಿಷ್ಕೃತ ಪಿಂಚಣಿಯ ಬಾಕಿ ಕೊಡಿಸಿ

ಮಾನ್ಯರೇ,

ಚಿಕ್ಕಮಗಳೂರು ಜಿಲ್ಲೆಯ ಸರ್ಕಾರಿ ಕಚೇರಿಯೊಂದರಲ್ಲಿ 1988ರಲ್ಲಿ ಸೇವೆಗೆ ಸೇರಿದ ನಾನು ಅಧೀಕ್ಷಕಿಯಾಗಿ 31-5-2023ರಂದು ವಯೋನಿವೃತ್ತಿ ಹೊಂದಿದೆ. ಏಳನೇ ವೇತನ ಆಯೋಗದ ಶಿಫಾರಸಿನಂತೆ 22-7-2024ರ ಸರ್ಕಾರಿ ಆದೇಶವು ವೇತನವನ್ನು 1-7-2022ರಿಂದ ಕಾಲ್ಪನಿಕವಾಗಿ ಪರಿಷ್ಕರಿಸಿ, ಆರ್ಥಿಕ ಲಾಭವನ್ನು 1-8-2024ರಿಂದ ನೀಡಿದೆ. ಆ ನಡುವೆ ನಿವೃತ್ತರಾದ ನನ್ನಂಥವರ ಪಿಂಚಣಿ ಬ್ಯಾಂಕಿನಲ್ಲಿ ತಾನಾಗಿ ಏರುವುದಿಲ್ಲ. ಕೊನೆಗೆ ಕೆಲಸ ಮಾಡಿದ ಕಚೇರಿಯೇ 31% ತುಟ್ಟಿಭತ್ಯೆ ಮತ್ತು 27.5% ಫಿಟ್‌ಮೆಂಟ್ ಸೇರಿಸಿ ವೇತನವನ್ನು ಮರುನಿಗದಿಗೊಳಿಸಿ, ಅದನ್ನು ಸೇವಾ ಪುಸ್ತಕದಲ್ಲಿ ನಮೂದಿಸಿ, ಪರಿಷ್ಕೃತ ಪ್ರಸ್ತಾವನೆಯನ್ನು ಮಹಾಲೇಖಪಾಲರಿಗೆ ಕಳುಹಿಸಬೇಕು.

ನನ್ನ ಸೇವಾ ಪುಸ್ತಕದಲ್ಲಿ ಇಂದಿಗೂ ಆ ನಮೂದು ಆಗಿಲ್ಲ. ಮೂಲ ಪಿಂಚಣಿ ಹಳೆಯ ವೇತನದ ಅರ್ಧವಾದ 28,200 ರೂಪಾಯಿಯಲ್ಲೇ ನಿಂತಿದೆ. ವಿಚಾರಿಸಿದರೆ ಕಡತ ಮಹಾಲೇಖಪಾಲರಲ್ಲಿದೆ ಎನ್ನುತ್ತಾರೆ, ಆದರೆ ರವಾನೆ ಸಂಖ್ಯೆ ಕೇಳಿದರೆ ಉತ್ತರವಿಲ್ಲ. ಕಾಲ್ಪನಿಕ ಅವಧಿಯ ಹಣವನ್ನು ನಾನು ಕೇಳುತ್ತಿಲ್ಲ. 1-8-2024ರಿಂದ ಸಲ್ಲಬೇಕಾದ ವ್ಯತ್ಯಾಸದ ಮೊತ್ತವನ್ನಷ್ಟೇ, ಪ್ರಸ್ತಾವನೆ ಕಳುಹಿಸಿದ ದಿನಾಂಕವನ್ನು ಲಿಖಿತವಾಗಿ ತಿಳಿಸಿ, ಪಾವತಿಸುವಂತೆ ಇಲಾಖೆಯ ಮೇಲಧಿಕಾರಿಗಳು ಕಚೇರಿಗೆ ಸೂಚಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಅಧೀಕ್ಷಕಿ, ಕಡೂರು