ಉದ್ರಿ ಪುಸ್ತಕ ಕಂಪ್ಯೂಟರಿಗೆ ಏರಿಸುವಾಗ

ಪ್ರೀತಿಯ ಮಂಜು,

ಅಂಗಡಿಯ ಉದ್ರಿ ಪುಸ್ತಕದ ಫೋಟೊ ಸಿಕ್ಕಿತು. ತಪ್ಪು ಕಂಡರೆ ಅಲ್ಲೇ ತಿದ್ದಿಬಿಡಲಾ ಅಂತ ಕೇಳಿದ್ದೀಯ. ಬೇಡ ಮಾರಾಯ. ಅಪ್ಪ ಬರೆದದ್ದನ್ನು ಬರೆದ ಹಾಗೇ ಹಾಕು, ನಿನ್ನ ಲೆಕ್ಕ ಪಕ್ಕದ ಕಾಲಂನಲ್ಲಿರಲಿ. ತಿದ್ದಿಬಿಟ್ಟರೆ ತಪ್ಪು ಪುಸ್ತಕದ್ದೋ ನಿನ್ನ ಟೈಪಿಂಗಿನದೋ ಆಮೇಲೆ ಗೊತ್ತಾಗುವುದೇ ಇಲ್ಲ.

ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಮಾನಿಗೆ ಒಂದು ಸಾಲು. A ಪುಟ, B ತಾರೀಕು, C ಸಾಮಾನು, D ಎಷ್ಟು, E ಕೆಜಿಯೋ ಲೀಟರೋ, F ದರ, G ಅಪ್ಪ ಬರೆದ ಮೊತ್ತ. ಉಳಿದೆರಡರಲ್ಲಿ ಇದನ್ನು ಹಾಕಿ ಕೆಳಗಿನವರೆಗೆ ಎಳೆ:

```
H2: =ROUND(D2*F2,2)
I2: =G2-H2
```

I ಕಾಲಂನಲ್ಲಿ ಸೊನ್ನೆ ಬಾರದ ಸಾಲುಗಳನ್ನು ಮಾತ್ರ ನೋಡಿದರೆ ಸಾಕು. ಒಂದೆರಡು ರೂಪಾಯಿ ಕಮ್ಮಿ ಇದ್ದರೆ ಚಿಲ್ಲರೆ ಬಿಟ್ಟಿರುತ್ತಾರೆ, ಅದು ತಪ್ಪಲ್ಲ.

ನೀನು ಕಳಿಸಿದ ಪುಟವನ್ನೇ ತಗೋ. ತೊಗರಿಬೇಳೆ ಒಂದೂವರೆ ಕೆಜಿ, 140ರಂತೆ 210. ಸಕ್ಕರೆ 2 ಕೆಜಿ, 44ರಂತೆ 88. ಎಣ್ಣೆ ಒಂದು ಲೀಟರ್, 145. ಬೆಲ್ಲ ಮುಕ್ಕಾಲು ಕೆಜಿ, 60ರಂತೆ 54. ಬೆಲ್ಲದ್ದು 45 ಆಗಬೇಕಿತ್ತು, ವ್ಯತ್ಯಾಸ 9. ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾದರೆ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರುವ ಅನುಮಾನ ಜಾಸ್ತಿ. ಮೊದಲು ಫೋಟೊ ದೊಡ್ಡದು ಮಾಡಿ ನೋಡು, ನೀನೇ ತಿರುಗಿಸಿ ಓದಿರಬಹುದು. ಇಲ್ಲಿ ಮಾತ್ರ 54 ಅಂತ ಸ್ಪಷ್ಟವಾಗಿಯೇ ಇದೆ.

ಆಗ ಪುಟದ ಕೊನೆಯ ಮೊತ್ತಕ್ಕೆ ಹೋಗು. ಅಲ್ಲಿ 488 ಇದೆ. 45 ಹಿಡಿದು ಕೂಡಿದರೇ 488 ಬರುವುದು. ಅಂದರೆ ಅಪ್ಪನ ಮನಸ್ಸಿನ ಲೆಕ್ಕ ಸರಿ, ಬರೆಯುವಾಗ ಕೈ ತಪ್ಪಿದೆ, ಗಿರಾಕಿಗೆ ನಷ್ಟವಾಗಿಲ್ಲ. ಅದೇ 497 ಇದ್ದಿದ್ದರೆ ಆ ಮನೆಯವರ ಮೇಲೆ 9 ರೂಪಾಯಿ ಹೆಚ್ಚು ಬಿದ್ದಿದೆ ಅಂತ ಅರ್ಥ, ಅದನ್ನು ಅಪ್ಪನ ಹತ್ತಿರ ಮಾತಾಡಲೇಬೇಕು. ಹಾಗಾಗಿ ಕೊನೆಯ ಮೊತ್ತವನ್ನೂ ಬೇರೆ ಕಡೆ ದಾಖಲಿಸು. ಸುಮ್ನೆ SUM ಹಾಕಿ ಮುಗಿಸಿದರೆ ಈ ಸಾಕ್ಷಿ ಕಳೆದುಹೋಗುತ್ತದೆ.

ಟೈಪ್ ಮಾಡುವಾಗ ಎರಡು ಕಡೆ ಹುಷಾರು. ಮುಕ್ಕಾಲಿಗೆ 3/4 ಅಂತ ಒತ್ತಿದರೆ ಅದು ತಾರೀಕಾಗಿಬಿಡುತ್ತದೆ, 0.75 ಅಂತಲೇ ಹಾಕು. ಪುಸ್ತಕದಲ್ಲಿರುವ ಹಾಗೆ 54/- ಅಂತ ಹೊಡೆದರೆ ಅದು ಅಕ್ಷರವಾಗಿ ಕೂರುತ್ತದೆ. SUM ಸದ್ದಿಲ್ಲದೆ ಅದನ್ನು ಬಿಟ್ಟು ಕೂಡುತ್ತದೆ. ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡ ಅಂಕಿ ಕಂಡರೆ ಅದೇ ಗುರುತು.

ದರವನ್ನೇ ತಪ್ಪು ಬರೆದಿದ್ದರೆ ಈ ಸೂತ್ರಕ್ಕೆ ಸಿಗುವುದಿಲ್ಲ. ಅದಕ್ಕೆ C ಕಾಲಂ ಪ್ರಕಾರ ಸಾಲುಗಳನ್ನು ಜೋಡಿಸಿ ನೋಡು. ಅದೇ ವಾರ ಉಳಿದ ಮನೆಗಳಿಗೆಲ್ಲ ಸಕ್ಕರೆ 44 ಇದ್ದು ಒಬ್ಬರಿಗೆ ಮಾತ್ರ 64 ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ಅಂಥವನ್ನು ಪುಟದ ನಂಬರ್ ಸಮೇತ ಪಟ್ಟಿ ಮಾಡಿಟ್ಟುಕೋ, ಭಾನುವಾರ ಅಪ್ಪನ ಜೊತೆ ಕೂತು ಕೇಳೋಣ.

ನಿನ್ನ,
ರವಿ