ಚೀಟಿಯಲ್ಲಿ ಬರೀ ‘ಫಿಟ್ಸ್’ ಅಂತ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ನಾನು ತುಮಕೂರಿನಲ್ಲಿ ಇಇಜಿ, ಅಂದರೆ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮೆದುಳಿನ ವಿದ್ಯುತ್ತನ್ನು ಗೆರೆಗಳಾಗಿ ದಾಖಲಿಸುವ ಪರೀಕ್ಷೆ, ತೆಗೆಯುವ ಟೆಕ್ನಿಷಿಯನ್. ಕೊರಟಗೆರೆ, ಮಧುಗಿರಿ, ಪಾವಗಡದ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಕೈಲಿರುವ ಚೀಟಿಯಲ್ಲಿ ಎಷ್ಟೋ ಸಲ ಒಂದೇ ಪದ ಇರುತ್ತದೆ: ‘ಫಿಟ್ಸ್’. ಕೈಕಾಲು ಸೆಟೆದು ಬಿದ್ದ ಮಗುವಿಗೂ ಅದೇ, ಕೂತಲ್ಲೇ ಸ್ವಲ್ಪ ಹೊತ್ತು ಮಂಕಾಗಿ ನೋಡುವ ಮಗುವಿಗೂ ಅದೇ. ಈ ಮಂಕಾಗುವುದರಲ್ಲೇ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದಕ್ಕೆ ಕೊಡುವ ಮಾತ್ರೆ ಇನ್ನೊಂದನ್ನು ಜಾಸ್ತಿ ಮಾಡಬಹುದು. ಅದಕ್ಕೇ ಈ ಪತ್ರ.

ಕೊರಟಗೆರೆ ಕಡೆಯ 7 ವರ್ಷದ ಒಬ್ಬಳು ಹುಡುಗಿ ಬಂದಿದ್ದಳು. ಅವಳಮ್ಮ ಚೀಲದಿಂದ ಉಕ್ತಲೇಖನದ ಪುಸ್ತಕ ತೆಗೆದು ತೋರಿಸಿದರು. ಟೀಚರ್ 10 ಪದ ಹೇಳಿದರೆ ಹುಡುಗಿ 1, 2, 3 ಬರೆದಿದ್ದಾಳೆ, 4 ಮತ್ತು 5 ಇಲ್ಲ, 6ರಿಂದ ಮತ್ತೆ ಮುಂದುವರಿದಿದ್ದಾಳೆ. ಬರೆದದ್ದೆಲ್ಲ ಸರಿಯಾಗಿದೆ. ಒಂದು ಕಡೆ ಅಕ್ಷರದ ಮಧ್ಯದಿಂದ ಪೆನ್ಸಿಲ್ ಗೆರೆ ಹಾಗೇ ಕೆಳಗೆ ಜಾರಿದೆ. ಶಾಲೆಯಲ್ಲಿ ಅವಳಿಗೆ ಗಮನ ಇಲ್ಲ ಅಂತ ಬೈಗುಳ. ಒಂದು ಕ್ಲಿನಿಕ್ಕಿನಲ್ಲಿ ‘ಮಂಕಾಗ್ತಾಳೆ, ತುಟಿ ಚಪ್ಪರಿಸ್ತಾಳೆ’ ಅಂದದ್ದನ್ನು ಕೇಳಿ, ಇಇಜಿ ಮಾಡಿಸದೆಯೇ ಕಾರ್ಬಮಝೆಪಿನ್ ಬರೆದುಕೊಟ್ಟಿದ್ದರು. ‘ಮಾತ್ರೆ ಶುರು ಮಾಡಿದ ಮೇಲೆ ಜಾಸ್ತಿ ಆಯ್ತು ಸಾರ್, ಊಟ ಮಾಡೋವಾಗಲೂ ತುತ್ತು ಕೈಲೇ ನಿಂತುಬಿಡ್ತದೆ’ ಅಂದರು ಅಮ್ಮ.

ತುಟಿ ಚಪ್ಪರಿಸುವುದನ್ನು ಕೇಳಿ ಇದು ಫೋಕಲ್ ಸೀಝರ್, ಅಂದರೆ ಮೆದುಳಿನ ಒಂದು ಜಾಗದಿಂದ ಶುರುವಾಗುವ ಫಿಟ್ಸ್, ಅಂದುಕೊಂಡಿರಬೇಕು. ಆದರೆ ಆಬ್ಸೆನ್ಸ್ ಸೀಝರ್, ಅಂದರೆ ಮೆದುಳಿನ ಎಲ್ಲ ಕಡೆ ಒಟ್ಟಿಗೆ ಬಂದು ಮಗು ಕೆಲವು ಸೆಕೆಂಡ್ ಮಂಕಾಗುವ ಫಿಟ್ಸ್, ಸ್ವಲ್ಪ ಉದ್ದ ಹೋದರೆ ಅದರಲ್ಲೂ ಮಕ್ಕಳು ತುಟಿ ಚಪ್ಪರಿಸುತ್ತಾರೆ, ಬಟ್ಟೆ ಸವರುತ್ತಾರೆ. ಹಾಗಾಗಿ ತುಟಿಯನ್ನು ಮಾತ್ರ ನೋಡಿ ತೀರ್ಮಾನ ಮಾಡಲಾಗದು. ಎಷ್ಟು ಹೊತ್ತು, ಹೇಗೆ ಶುರುವಾಯಿತು, ಹೇಗೆ ಮುಗಿಯಿತು ಅಂತ ಕೇಳಬೇಕು.

ತಲೆಗೆ ಎಣ್ಣೆ ಹಚ್ಚದೆ ಸ್ನಾನ ಮಾಡಿಸಿ ಕರೆದುಕೊಂಡು ಬರಲು ಹೇಳಿದ್ದೆವು, ಹಾಗೇ ಬಂದಿದ್ದರು. (ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ.) ಮೊದಲ ಹತ್ತು ನಿಮಿಷ ಗೆರೆಗಳೆಲ್ಲ ಆ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದ್ದವು. ಆಮೇಲೆ ಕಾಗದದ ಗಿರಗಿಟ್ಲೆ ಕೈಗೆ ಕೊಟ್ಟು, ನಿಲ್ಲಿಸದೆ ಊದು ಅಂದೆ. ಜೋರಾಗಿ 3 ನಿಮಿಷ ಉಸಿರಾಡಿಸುವುದು ನಮ್ಮ ಪರೀಕ್ಷೆಯ ಒಂದು ಭಾಗ. ಚಿಕಿತ್ಸೆ ಶುರುವಾಗದ ಆಬ್ಸೆನ್ಸ್ ಮಕ್ಕಳಲ್ಲಿ ಹೆಚ್ಚಿನವರಿಗೆ ಆಗಲೇ ಸೀಝರ್ ಬಂದುಬಿಡುತ್ತದೆ. ಇವಳಿಗೆ ಎರಡನೇ ನಿಮಿಷದಲ್ಲಿ ಗಿರಗಿಟ್ಲೆ ನಿಂತಿತು. ಕಣ್ಣು ತೆರೆದೇ ಇತ್ತು. ಪರದೆಯ ಮೇಲೆ ಎಲ್ಲ ಗೆರೆಗಳೂ ಒಂದೇ ಸಲ ಎದ್ದವು: ಒಂದು ಚೂಪು ಮುಳ್ಳು, ಅದರ ಹಿಂದೆ ಒಂದು ಅಗಲವಾದ ಅಲೆ, ಮತ್ತೆ ಮುಳ್ಳು, ಮತ್ತೆ ಅಲೆ. ಸೆಕೆಂಡಿಗೆ 3 ಜೋಡಿ. ನಾನು ಮೆಲ್ಲಗೆ ‘ಹಲಸಿನಹಣ್ಣು’ ಅಂದೆ. 11 ಸೆಕೆಂಡ್ ಆದ ಮೇಲೆ ಗೆರೆಗಳು ತಟ್ಟನೆ ಮೊದಲಿನಂತಾದವು, ಅವಳು ಏನೂ ಆಗದವಳಂತೆ ಮತ್ತೆ ಊದತೊಡಗಿದಳು. ನಾನೇನು ಹೇಳಿದೆ ಪುಟ್ಟಿ ಅಂದರೆ, ‘ಊದು ಅಂದ್ರಿ’ ಅಂದಳು. ಹಲಸಿನಹಣ್ಣು ಅವಳಿಗೆ ಕೇಳಿಸಿಯೇ ಇರಲಿಲ್ಲ. ಉಕ್ತಲೇಖನದ 4 ಮತ್ತು 5 ಹೋದದ್ದು ಹೀಗೇ.

ಆಬ್ಸೆನ್ಸಿನ ಇದೇ ಮುಳ್ಳು-ಅಲೆಯನ್ನು ಅಮೆರಿಕದ ಸಂಶೋಧಕರಾದ ಗಿಬ್ಸ್, ಡೇವಿಸ್, ಲೆನಾಕ್ಸ್ 1935ರಲ್ಲೇ ವಿವರಿಸಿದ್ದರು. ಅದು ಎಲ್ಲ ಕಡೆ ಒಟ್ಟಿಗೆ ಯಾಕೆ ಬರುತ್ತದೆ? ಮೆದುಳಿನ ನಡುವೆ, ಆಳದಲ್ಲಿ ಥಲಾಮಸ್ ಇದೆ. ಕಣ್ಣು, ಕಿವಿಯಿಂದ ಬಂದದ್ದನ್ನು ಮೆದುಳಿನ ಹೊರಪದರಕ್ಕೆ ದಾಟಿಸುವುದು ಅದರ ಕೆಲಸ. ಹೊರಪದರವೂ ಅದಕ್ಕೆ ಮರಳಿ ಸುದ್ದಿ ಕಳಿಸುತ್ತದೆ. ಇವೆರಡರ ನಡುವೆ ರೆಟಿಕ್ಯುಲರ್ ನ್ಯೂಕ್ಲಿಯಸ್ ಅನ್ನುವ ತೆಳು ಪದರವಿದೆ, ಅದು ಥಲಾಮಸ್‌ಗೆ ಬ್ರೇಕ್ ಹಾಕುತ್ತದೆ. ವಿಷಯ ಇರುವುದು ಆ ಬ್ರೇಕಿನಲ್ಲೇ. ಥಲಾಮಸ್‌ನ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಒಳಗೆ ಬಿಡುವ ಟಿ-ಟೈಪ್ ಬಾಗಿಲುಗಳಿವೆ. ಬ್ರೇಕ್ ಗಟ್ಟಿಯಾಗಿ ಬಿದ್ದಾಗ ಇವು ತೆರೆಯಲು ಸಿದ್ಧವಾಗುತ್ತವೆ. ಬ್ರೇಕ್ ಸಡಿಲವಾದ ಕೂಡಲೇ ತೆರೆದುಕೊಳ್ಳುತ್ತವೆ, ಕೋಶಗಳು ಒಟ್ಟಿಗೆ ಸಿಡಿಯುತ್ತವೆ. ಆ ಏಟು ಹೊರಪದರಕ್ಕೆ ಹೋಗುತ್ತದೆ. ಅಲ್ಲಿನ ಕೋಶಗಳೂ ಒಟ್ಟಿಗೆ ಸಿಡಿದಾಗ ಮುಳ್ಳು ಕಾಣುತ್ತದೆ. ಹೊರಪದರ ತಿರುಗಿ ಬ್ರೇಕನ್ನು ಒತ್ತುತ್ತದೆ, ಎಲ್ಲ ಸುಮ್ಮನಾಗುತ್ತವೆ, ಆಗ ಅಲೆ. ಈ ಒಂದು ಸುತ್ತಿಗೆ ಸುಮಾರು ಸೆಕೆಂಡಿನ ಮೂರನೇ ಒಂದು ಭಾಗ. ಸುತ್ತು ನಡೆಯುವಷ್ಟು ಹೊತ್ತು ಹೊರಗಿನ ಮಾತು ಒಳಗೆ ದಾಟುವುದಿಲ್ಲ.

ಈ ಸುತ್ತನ್ನು ಮೊದಲು ಶುರು ಮಾಡುವವರು ಯಾರು ಅನ್ನುವ ಚರ್ಚೆ ಇನ್ನೂ ಇದೆ. ಇಂಥದ್ದೇ ಸೀಝರ್ ಬರುವ ಒಂದು ತಳಿಯ ಇಲಿಗಳಲ್ಲಿ, ಬಾಯಿಯ ಸುತ್ತಲಿನ ಸ್ಪರ್ಶವನ್ನು ಗುರುತಿಸುವ ಹೊರಪದರದ ಸಣ್ಣ ಜಾಗವೇ ಮೊದಲು ಶುರು ಮಾಡುತ್ತದೆ ಅಂತ 2002ರಲ್ಲಿ ತೋರಿಸಿದರು. ಆದರೂ ಸುತ್ತು ಮುಂದುವರಿಯಲು ಥಲಾಮಸ್ ಬೇಕೇ ಬೇಕು.

ಈಗ ಮಾತ್ರೆಯ ವಿಷಯ ಅರ್ಥವಾಗುತ್ತದೆ, ಅಲ್ವಾ? ಕಾರ್ಬಮಝೆಪಿನ್ ಸೋಡಿಯಂ ಬಾಗಿಲುಗಳನ್ನು ತಡೆದು, ಒಂದೇ ಸಮನೆ ಸಿಡಿಯುವ ಕೋಶಗಳನ್ನು ತಣ್ಣಗೆ ಮಾಡುತ್ತದೆ. ಫೋಕಲ್ ಸೀಝರಿಗೆ ಅದು ಒಳ್ಳೆಯ ಔಷಧಿ. ಆದರೆ ಥಲಾಮಸ್‌ನಲ್ಲಿ ಅದು ಬ್ರೇಕನ್ನು ಇನ್ನೂ ಗಟ್ಟಿ ಮಾಡುತ್ತದೆ ಅಂತ ಇಲಿಗಳ ಪ್ರಯೋಗಗಳು ಹೇಳುತ್ತವೆ. ಬ್ರೇಕ್ ಗಟ್ಟಿಯಾದಷ್ಟೂ ಸುತ್ತು ಜೋರಾಗುತ್ತದೆ. ಆಬ್ಸೆನ್ಸಿಗೆ ಬೇಕಾದ್ದು ಟಿ-ಟೈಪ್ ಬಾಗಿಲನ್ನು ತಡೆಯುವ ಎಥೊಸಕ್ಸಿಮೈಡ್, ಇಲ್ಲವೇ ವಾಲ್ಪ್ರೊಯೇಟ್. 453 ಮಕ್ಕಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡಿದವು. ಗಮನಕ್ಕೆ ತೊಂದರೆ ಎಥೊಸಕ್ಸಿಮೈಡಿನಲ್ಲಿ ಕಡಿಮೆ ಇತ್ತು.

ಅದೇ ವಾರ ಪಾವಗಡದ 12 ವರ್ಷದ ಹುಡುಗ ಬಂದಿದ್ದ. ಚೀಟಿಯಲ್ಲಿ ಅದೇ ‘ಫಿಟ್ಸ್’. ಅವನಿಗೆ ಮೊದಲು ಹೊಟ್ಟೆಯಿಂದ ಏನೋ ಮೇಲಕ್ಕೆ ಬಂದಂತಾಗುತ್ತದಂತೆ. ಆಮೇಲೆ ಒಂದೂವರೆ ನಿಮಿಷ ಮಂಕು, ಅಂಗಿಯ ಗುಂಡಿ ಎಳೆಯುತ್ತಾನೆ. ಮುಗಿದ ಮೇಲೂ ಸ್ವಲ್ಪ ಹೊತ್ತು ಅಮ್ಮನ ಗುರುತು ಸಿಗುವುದಿಲ್ಲ, ನಿದ್ದೆ ಮಾಡುತ್ತಾನೆ. ವಾರಕ್ಕೆ ಒಂದೋ ಎರಡೋ ಸಲ. ಹುಡುಗಿಗೆ ದಿನಕ್ಕೆ ಹತ್ತಾರು ಸಲ ಬರುತ್ತಿತ್ತು, ಮುಗಿದರೆ ಮುಗಿಯಿತು. ಹುಡುಗನ ಇಇಜಿ ಎಚ್ಚರದಲ್ಲಿ ಪೂರ್ತಿ ನಾರ್ಮಲ್ ಇತ್ತು. ನಿದ್ದೆ ಬಂದ ಮೇಲೆ ಎಡಗಿವಿಯ ಮೇಲ್ಭಾಗದ ಗೆರೆಗಳಲ್ಲಿ ಮಾತ್ರ ಮುಳ್ಳುಗಳು ಕಂಡವು. ಅವನದು ಫೋಕಲ್ ಸೀಝರ್. ನಿದ್ದೆಯಲ್ಲೂ ಕಾಣದಿರುವುದುಂಟು. ಇಇಜಿ ನಾರ್ಮಲ್ ಬಂತು ಅಂದ ಮಾತ್ರಕ್ಕೆ ಫೋಕಲ್ ಸೀಝರ್ ಇಲ್ಲ ಅಂತಲ್ಲ.

ಹುಡುಗಿಯ ಮಾತ್ರೆಯನ್ನು ನರರೋಗದ ಡಾಕ್ಟರು ಬದಲಾಯಿಸಿ ವಾಲ್ಪ್ರೊಯೇಟ್ ಕೊಟ್ಟರು. ಹೆಣ್ಣುಮಗು ದೊಡ್ಡವಳಾದ ಮೇಲೆ ಇದು ಬೇಡವಾಗಬಹುದು, ಗರ್ಭದ ಮಗುವಿಗೆ ಅಪಾಯ ಅಂತಲೂ ಆಗಲೇ ಅಮ್ಮನಿಗೆ ಹೇಳಿದರು. ಈ ಪತ್ರ ಓದಿ ಯಾರೂ ಮನೆಯಲ್ಲೇ ಮಾತ್ರೆ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ದೊಡ್ಡ ಫಿಟ್ಸ್ ಬರಬಹುದು.

ಚೀಟಿ ಬರೆಯುವ ಡಾಕ್ಟರುಗಳಲ್ಲಿ ನನ್ನ ಕೋರಿಕೆ: ‘ಫಿಟ್ಸ್’ ಪಕ್ಕದಲ್ಲಿ ಎಷ್ಟು ಸೆಕೆಂಡ್, ದಿನಕ್ಕೆ ಎಷ್ಟು ಸಲ, ಮುಗಿದ ಮೇಲೆ ಮಗು ಹೇಗಿತ್ತು ಅಂತ ಒಂದು ಸಾಲು ಸೇರಿಸಿ. ಅಪ್ಪ ಅಮ್ಮಂದಿರೇ, ಮುಂದಿನ ಸಲ ಬಂದಾಗ ಫೋನಿನಲ್ಲಿ ವಿಡಿಯೊ ತೆಗೆಯಿರಿ, ಮಗು ಸರಿಹೋದ ಮೇಲೂ ಎರಡು ನಿಮಿಷ ನಿಲ್ಲಿಸಬೇಡಿ. ಉಕ್ತಲೇಖನದ ಪುಸ್ತಕವನ್ನೂ ತನ್ನಿ.

ಇಂತಿ,
ಒಬ್ಬ ಇಇಜಿ ಟೆಕ್ನಿಷಿಯನ್,
ತುಮಕೂರು