ಹೊಸಬರು ಯಾವಾಗ ಕಾಲೆಳೆಯಬಹುದು?

ಎಲ್ಲರಿಗೂ ನಮಸ್ಕಾರ. ನಮ್ಮ ಕಲಬುರಗಿ ಗುಂಪಿಗೆ ಇಬ್ಬರು ಹೊಸಬರು ಸೇರಿದ್ದಾರೆ. ಇಲ್ಲಿ ಕಾಲೆಳೆಯುವುದು ಸ್ವಲ್ಪ ಜಾಸ್ತಿ, ಅದಕ್ಕೇ ಈ ಸೂಚನೆ.

ಕೂದಲು ಉದುರಿದೆ ಅಂತ ನಾವು ಒಬ್ಬ ಗೆಳೆಯನನ್ನು ‘ಮುತ್ಯಾ’ ಅಂತ ಕರೆಯುತ್ತೇವೆ. ಶಾಲೆಯಿಂದ ಜೊತೆಗಿದ್ದವರು ಹಾಗೆ ಕರೆದರೆ ಅವನೂ ನಗುತ್ತಾನೆ, ತಿರುಗಿ ಎರಡು ಅಂತಾನೆ. ನಿನ್ನೆ ಮೊನ್ನೆ ಬಂದವರು ಕರೆದರೆ ಬರೀ ತಲೆ ನೋಡಿ ಆಡಿದ ಹಾಗಾಗುತ್ತದೆ. ಆ ಸಲುಗೆ ಇನ್ನೂ ಬೆಳೆದಿಲ್ಲ, ಅಲ್ವಾ?

ಅವನೇ ಮೊದಲು ನಿಮ್ಮ ಕಾಲೆಳೆಯಲಿ. ಆಮೇಲೂ ನೀವು ಕಣ್ಣಾರೆ ಕಂಡಿದ್ದರ ಮೇಲಷ್ಟೇ ಅನ್ನಿ. ‘ನನಗೆ ಖಾರ ಆಗಲ್ಲ’ ಅಂದವನೇ ಎರಡನೇ ಪ್ಲೇಟ್ ಮಿರ್ಚಿ ಭಜ್ಜಿಗೆ ಕೈ ಹಾಕಿದಾಗ ನೀವೂ ಪಕ್ಕದಲ್ಲಿದ್ದರೆ, ಧಾರಾಳವಾಗಿ ಅನ್ನಿ. ಮೈಬಣ್ಣ, ಸಂಬಳ, ಆಗದ ಮದುವೆ, ಮನೆ ಜಗಳ ಇವನ್ನು ಹಳಬರೇ ಎತ್ತಿದರೂ ನೀವು ಸುಮ್ನೆ ಇರಿ. ನಗುವ ಎಮೋಜಿಯೂ ಬೇಡ.

ಉತ್ತರ ಹೇಗೆ ಬರುತ್ತದೆ ನೋಡಿ. ತಿರುಗಿ ಕೀಟಲೆ ಮಾಡಿದರೆ ಸರಿ. ಬರೀ ಹೆಬ್ಬೆಟ್ಟು ಬಂದರೆ, ಅಥವಾ ‘ನೀನು’ ಅನ್ನುತ್ತಿದ್ದವನು ‘ನೀವು’ ಅಂದರೆ, ಚುಚ್ಚಿದೆ ಅಂತಲೇ ತಿಳಿಯಿರಿ. ಗುಂಪಿನಲ್ಲಿ ಉದ್ದುದ್ದ ಸಮಜಾಯಿಷಿ ಬರೆದರೆ ಎಲ್ಲರ ಕಣ್ಣೂ ಮತ್ತೆ ಅವನ ತಲೆ ಮೇಲೆಯೇ! ಅವನೊಬ್ಬನಿಗೇ ‘ಬ್ಯಾಸರ ಮಾಡ್ಕೋಬ್ಯಾಡ್ರಿ ಅಣ್ಣಾ’ ಅಂತ ಕಳಿಸಿ, ಸಾಕು.

ಹಳಬರೇ, ‘ನೀನೂ ಅನ್ನು, ನೋಡೋಣ’ ಅಂತ ಹೊಸಬರಿಗೆ ಕೀಲಿ ಕೊಡಬೇಡಿ. ಆಮೇಲೆ ಬೈಸಿಕೊಳ್ಳುವವರು ಅವರು, ನೀವಲ್ಲ.